ಬೆಳ್ಳಿ ಡಬ್ಬಿ ಎಲ್ಲಿಂದ ಬಂತು ಅಂತ ಅತ್ತೆಗೊಂದು ಕಾಗದ

ನಮ್ಮ ಮನೆಯ ಬೆಳ್ಳಿ ಎಲೆಅಡಿಕೆ ಡಬ್ಬಿ ಎಷ್ಟು ಹಳೆಯದು ಅನ್ನುವುದು ಈಚಿನವರೆಗೆ ಯಾರಿಗೂ ಬೇಕಾಗಿರಲಿಲ್ಲ. ಹೊರದೇಶದಲ್ಲಿರುವ ಚಿಕ್ಕಪ್ಪನ ಮಗ ಹಾಸನಕ್ಕೆ ಬಂದಾಗ ಅದನ್ನು ನೋಡಿ, "ಅಕ್ಕಾ, ಅಜ್ಜಿ ನೆನಪಿಗೆ ಇದನ್ನು ನಾನು ತಗೊಂಡು ಹೋಗಲಾ?" ಅಂದ. ಕೊಡುವುದಕ್ಕೆ ನನಗೇನೂ ಬೇಜಾರಿರಲಿಲ್ಲ. ಆದರೆ ನಮ್ಮ ದೊಡ್ಡಪ್ಪ ಬದುಕಿರುವವರೆಗೂ "ಅದು ನೂರೈವತ್ತು ವರ್ಷದ್ದು, ಮೈಸೂರು ಅರಮನೆಯಿಂದ ಬಂದದ್ದು" ಅಂತಲೇ ಹೇಳುತ್ತಿದ್ದರು. ಅದು ನಿಜವಾಗಿದ್ದರೆ ಡಬ್ಬಿ ದೇಶ ಬಿಟ್ಟು ಹೋಗುವಂತಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರಗೆ ಒಯ್ಯುವ ಹಾಗಿಲ್ಲ. ಉಡುಗೊರೆ ಅಂದರೂ ಇಲ್ಲ, ಮನೆಯದ್ದು ಅಂದರೂ ಇಲ್ಲ.

ಡಬ್ಬಿಯ ತಳದಲ್ಲಿ ಬರಹ ಇತ್ತು. ಹಳೇ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸುತ್ತಿದ್ದರಲ್ಲ, ಹಾಗೆ. ಹಗಲು ಬೆಳಕಿನಲ್ಲಿ ನೋಡಿದರೆ ಬರೀ ಗೀರುಗಳು. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ತಳದ ಅಂಚಿಗೆ ಮಲಗಿಸಿ ಹಿಡಿದಾಗ ಚುಕ್ಕಿಗಳಿಗೆ ನೆರಳು ಬಿದ್ದು ಅಕ್ಷರ ಎದ್ದವು: "ಈಶ್ವರ ಸಂ|| ಮಾಘ". ಕೆಳಗೆ ಒಂದು ಹೆಸರು. ಅದರಲ್ಲಿ ಕೊನೆಯ "ಮ್ಮ" ಮಾತ್ರ ಉಳಿದಿದೆ. ನಮ್ಮ ವಂಶದ ಯಾವ ಹೆಣ್ಣಿನ ಹೆಸರು ಹಾಗೆ ಮುಗಿಯುವುದಿಲ್ಲ ಹೇಳಿ!

ನಿಮ್ಮಲ್ಲೂ ಇಂಥ ಡಬ್ಬಿ ಇದ್ದರೆ ಮೊದಲು ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಎಲ್ಲ ದೂರ ಇಡಿ. ಉಜ್ಜಿದಷ್ಟೂ ಬೆಳ್ಳಿ ಸವೆಯುತ್ತದೆ. ಚುಕ್ಕಿ ಅಕ್ಷರದ ಆಳ ಕೂದಲೆಳೆಯಷ್ಟೂ ಇರುವುದಿಲ್ಲ. ನಮ್ಮ ಡಬ್ಬಿಯ ಹೆಸರು ಮಾಯವಾದದ್ದು ಪ್ರತಿ ವರ್ಷದ ಹಬ್ಬದ ತೊಳೆಯುವಿಕೆಯಿಂದಲೇ. ಕಪ್ಪಾಗಿದ್ದರೂ ಪರವಾಗಿಲ್ಲ, ಹಾಗೇ ಫೋಟೋ ತೆಗೆಯಿರಿ. ಆ ಕಪ್ಪು ಚುಕ್ಕಿಗಳ ಒಳಗೆ ಕೂತಿರುವುದರಿಂದ ಓದುವುದೂ ಸುಲಭ.

ಇನ್ನು ಸಂವತ್ಸರದ ತಾಪತ್ರಯ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಈಶ್ವರ ಸಂವತ್ಸರ 1877ರ ಯುಗಾದಿಗೂ ಶುರುವಾಯಿತು, 1937ರ ಯುಗಾದಿಗೂ ಶುರುವಾಯಿತು, 1997ಕ್ಕೂ ಬಂತು. ಮಾಘ ಬರುವುದು ಸಂವತ್ಸರದ ಕೊನೆಗೆ. ಅಷ್ಟೊತ್ತಿಗೆ ಇಂಗ್ಲಿಷ್ ಕ್ಯಾಲೆಂಡರು ಮುಂದಿನ ವರ್ಷಕ್ಕೆ ಹೋಗಿರುತ್ತದೆ. 1997ರ ಮಾತಿಲ್ಲ, ನಾನೇ ಅದಕ್ಕೆ ಮೊದಲು ಈ ಡಬ್ಬಿ ನೋಡಿದ್ದೇನೆ. ಹಾಗಾಗಿ ಉಳಿದದ್ದು ಎರಡು: 1878ರ ಫೆಬ್ರವರಿ ಹೊತ್ತು, ಇಲ್ಲಾ 1938ರ ಫೆಬ್ರವರಿ ಹೊತ್ತು. ಮೊದಲನೆಯದಾದರೆ ದೊಡ್ಡಪ್ಪ ಹೇಳಿದ್ದು ಸರಿ. ಎರಡನೆಯದಾದರೆ ಡಬ್ಬಿಗೆ ಇನ್ನೂ ನೂರು ತುಂಬಿಲ್ಲ.

ಮಾರ್ಕು ಏನಾದರೂ ಇದೆಯಾ ಅಂತ ಹುಡುಕಿದೆ. ಇಂಗ್ಲೆಂಡಿನ ಬೆಳ್ಳಿಯಾಗಿದ್ದರೆ ನಡೆಯುವ ಸಿಂಹದ ಮುದ್ರೆ, ಊರಿನ ಮುದ್ರೆ, ವರ್ಷ ಸೂಚಿಸುವ ಒಂದು ಅಕ್ಷರ ಇರುತ್ತದೆ. ಅದನ್ನು ಪಟ್ಟಿಯಲ್ಲಿ ನೋಡಿದರೆ ಇಸವಿ ಸಿಕ್ಕಿಬಿಡುತ್ತದೆ. ನಮ್ಮ ಊರುಗಳ ಆಚಾರ್ರು ಕೂತು ಬಡಿದ ಬೆಳ್ಳಿಗೆ ಅಂಥದ್ದು ಏನೂ ಇರುವುದಿಲ್ಲ. ನಮ್ಮದರಲ್ಲೂ ಇರಲಿಲ್ಲ. ಹಾಗಿರುವಾಗ ಉಳಿಯುವುದು ಮನುಷ್ಯರ ನೆನಪು ಮಾತ್ರ. ಅಪ್ಪ ಅಮ್ಮ ಇಲ್ಲ. ಅಜ್ಜಿಯ ಮಕ್ಕಳಲ್ಲಿ ಬದುಕಿರುವವರು ದೊಡ್ಡವರಾದ ನಮ್ಮ ಸೋದರತ್ತೆ ಒಬ್ಬರೇ. ಕೊಪ್ಪದಿಂದ ಒಳಗೆ ತೋಟದ ಮನೆಯಲ್ಲಿದ್ದಾರೆ. ಎಂಬತ್ತೈದು ದಾಟಿದೆ.

ಅತ್ತೆಗೆ ಕಿವಿ ಪೂರ್ತಿ ಮಂದ. ಫೋನಿನಲ್ಲಿ ನಾನು ಕೇಳಿದ್ದನ್ನು ಅವರ ಮಗ, ನಮ್ಮ ಭಾವ, ಕಿವಿ ಹತ್ತಿರ ಕೂಗಿ ಹೇಳಬೇಕು. ಅತ್ತೆ ಹೇಳಿದ್ದನ್ನು ಭಾವ ತಮ್ಮ ಮಾತಿನಲ್ಲಿ ನನಗೆ ಹೇಳಬೇಕು. ಒಮ್ಮೆ ಹಾಗೆ ಕೇಳಿದ್ದಕ್ಕೆ ಅತ್ತೆ ಬಾಯಿ ತೆರೆಯುವ ಮೊದಲೇ ಭಾವ, "ಅದು ಅರಮನೇದು ಕಣೇ, ಗೊತ್ತಿಲ್ವಾ?" ಅಂದುಬಿಟ್ಟರು. ಭಾವನಿಗೆ ಅದನ್ನು ಹೇಳಿದ್ದು ಯಾರು? ಅದೇ ದೊಡ್ಡಪ್ಪ. ಒಬ್ಬರೇ ಹೇಳಿದ ಮಾತು ನಾಲ್ಕು ಬಾಯಲ್ಲಿ ಬಂದರೆ ನಾಲ್ಕು ಸಾಕ್ಷಿ ಆಗುವುದಿಲ್ಲ ಅಲ್ವಾ? ಅತ್ತೆಗೆ ಕಣ್ಣು ಚೆನ್ನಾಗಿದೆ, ದಿನಾ ಪೇಪರ್ ಓದುತ್ತಾರೆ. ಅದಕ್ಕೇ ಕಾಗದ ಬರೆಯುವುದೇ ಸರಿ ಅನ್ನಿಸಿತು. ಕಾಗದಕ್ಕೆ ಇನ್ನೊಂದು ಅನುಕೂಲವೂ ಇದೆ. ಓದಿ ಪಕ್ಕಕ್ಕಿಟ್ಟು, ಎರಡು ದಿನ ಯೋಚನೆ ಮಾಡಿ, ನೆನಪಾದಾಗ ಬರೆಯಬಹುದು.

ಈ ಕಾಗದದಲ್ಲಿ ಏನು ಬರೆಯಬೇಕು ಅನ್ನುವುದಕ್ಕಿಂತ ಏನು ಬರೆಯಬಾರದು ಅನ್ನುವುದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಅರಮನೆ ಮಾತು ಎತ್ತಲಿಲ್ಲ. ಈಶ್ವರ, ಮಾಘ ಅಂತ ಇರುವುದನ್ನು ಹೇಳಲಿಲ್ಲ. ಡಬ್ಬಿಯ ಮುಚ್ಚಳ, ಪಕ್ಕ, ಒಳಗಿನ ಬಟ್ಟಲು, ಕೀಲು ಎಲ್ಲದರ ಫೋಟೋ ಹಾಕಿದೆ. ತಳದ ಫೋಟೋ ಮಾತ್ರ ಬೇಕಂತಲೇ ಹಾಕಲಿಲ್ಲ. ನಾವೇ ಹೇಳಿಕೊಟ್ಟು ಆಮೇಲೆ ಅವರ ಬಾಯಲ್ಲಿ ಅದೇ ಬಂದರೆ, ಅದು ಅವರ ನೆನಪೋ ನಮ್ಮ ಪ್ರಶ್ನೆಯೋ ಗೊತ್ತಾಗುವುದಿಲ್ಲ. ಹಿರಿಯರು ಪ್ರೀತಿಯಿಂದ "ಹೌದು ಮಗಾ, ಹಾಗೇ ಇರಬೇಕು" ಅಂದುಬಿಡುತ್ತಾರೆ. ಇಸವಿಯನ್ನೂ ಕೇಳಲಿಲ್ಲ. ಯಾರಿಗೆ ಇಸವಿ ನೆನಪಿರುತ್ತದೆ? ಯಾರ ಮದುವೆಗೆ ಮೊದಲು, ಯಾವ ಚುನಾವಣೆ ಆದ ಮೇಲೆ ಅಂದರೆ ನೆನಪಾಗುತ್ತದೆ.

ಕಾಗದ ಹೀಗಿತ್ತು:

"ಪ್ರೀತಿಯ ಅತ್ತೆಗೆ ನಮಸ್ಕಾರಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಂಡಿನೋವು ಈಗ ಹೇಗಿದೆ?

ಅತ್ತೆ, ನಮ್ಮ ಮನೆಯ ಬೆಳ್ಳಿ ಡಬ್ಬಿಯ ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ. ಇದರ ಬಗ್ಗೆ ನಿಮಗೆ ನೆನಪಿರುವುದನ್ನು ಬರೆದಿಡಬೇಕು ಅಂತ ಆಸೆ. ನಿಧಾನವಾಗಿ ಬರೆಯಿರಿ, ಅವಸರ ಇಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಬರೆಯಿರಿ, ಅದೂ ನನಗೆ ಬೇಕು.

ಈ ಡಬ್ಬಿಯನ್ನು ನೀವು ಮೊದಲು ನೋಡಿದ ನೆನಪು ಯಾವುದು? ಆಗ ಅದು ಯಾರ ಹತ್ತಿರ ಇತ್ತು, ಮನೆಯಲ್ಲಿ ಎಲ್ಲಿ ಇಡುತ್ತಿದ್ದರು?

ಇದು ಮನೆಗೆ ಹೇಗೆ ಬಂತು ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಯಾರು ಹೇಳಿದ್ದು?

ಆಗ ಇದ್ದ ಹಾಗೆಯೇ ಈಗಲೂ ಇದೆಯಾ? ಫೋಟೋ ನೋಡಿ, ಏನಾದರೂ ಬದಲಾಗಿದ್ದರೆ ಬರೆಯಿರಿ.

ಇದು ಅಮ್ಮನ ಕೈಗೆ ಯಾವಾಗ, ಹೇಗೆ ಬಂತು?

ನೀವು ಕಣ್ಣಾರೆ ಕಂಡದ್ದಕ್ಕೆ ಪಕ್ಕದಲ್ಲಿ 'ಕಂಡದ್ದು' ಅಂತ, ಬೇರೆಯವರು ಹೇಳಿದ್ದಕ್ಕೆ 'ಕೇಳಿದ್ದು' ಅಂತ ಹಾಕಿ. ಕೊನೆಗೆ ನಿಮ್ಮ ರುಜು, ತಾರೀಖು ಇರಲಿ. ಬೇರೆ ಯಾರ ಕೈಲಾದರೂ ಬರೆಸಿದರೆ ಅವರ ಹೆಸರೂ ಇರಲಿ."

ದೊಡ್ಡ ಅಕ್ಷರದಲ್ಲಿ, ಹಾಳೆಯ ಒಂದೇ ಮಗ್ಗುಲಿಗೆ ಬರೆದೆ. ಪ್ರತಿ ಪ್ರಶ್ನೆಯ ಕೆಳಗೆ ಅರ್ಧ ಹಾಳೆ ಖಾಲಿ ಬಿಟ್ಟೆ, ಉತ್ತರ ಅಲ್ಲೇ ಬರಲಿ ಅಂತ. ಫೋಟೋಗಳ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿದೆ. ಒಂದರಲ್ಲಿ ಡಬ್ಬಿ ಪಕ್ಕ ಸ್ಕೇಲ್ ಇಟ್ಟಿದ್ದೆ. ಇನ್‌ಲ್ಯಾಂಡ್ ಲೆಟರಿನ ಒಳಗೆ ಏನೂ ಇಡುವ ಹಾಗಿಲ್ಲ, ಕವರೇ ಬೇಕು. ನನ್ನ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಇನ್ನೊಂದು ಕವರನ್ನು ಮಡಚಿ ಒಳಗಿಟ್ಟೆ. ಸಾದಾ ಕಾಗದ 20 ಗ್ರಾಂವರೆಗೆ 5 ರೂಪಾಯಿ. ಇಷ್ಟೆಲ್ಲ ತುಂಬಿದರೆ ಖಂಡಿತ ಅದು ದಾಟುತ್ತದೆ. ನಾನು ಸ್ಪೀಡ್ ಪೋಸ್ಟ್ ಮಾಡಿದೆ, ತಲುಪಿತಾ ಇಲ್ಲವಾ ಅಂತ ನೋಡಬಹುದು ಅಂತ.

ಆಮೇಲೆ ಕಾಯುವುದು. ಆಷಾಢದ ಮಳೆ ಹಿಡಿದಿತ್ತು. ಮಲೆನಾಡಿನ ಒಳಗೆ ಆ ಹೊತ್ತಿನಲ್ಲಿ ಕರೆಂಟೇ ಇರುವುದಿಲ್ಲ, ಇನ್ನು ಟಪಾಲು ಕೇಳಬೇಕಾ? ತಲುಪಿದೆ ಅಂತ ಟ್ರ್ಯಾಕಿಂಗ್‌ನಲ್ಲಿ ಬಂತು. ಉತ್ತರ ಮಾತ್ರ ಇಲ್ಲ. ನಡುವೆ ಭಾವ ವಾಟ್ಸ್ಆ್ಯಪ್‌ನಲ್ಲಿ, "ಅಮ್ಮ ಏನೋ ಬರೀತಾ ಕೂತಿದ್ದಾರೆ, ನಾನೇ ಕೇಳಿ ಹೇಳ್ತೀನಿ ಬಿಡು" ಅಂತ ಕಳಿಸಿದರು. ಬೇಡ ಭಾವ, ಅವರೇ ಬರೆಯಲಿ ಅಂದೆ. ಸ್ವಲ್ಪ ಮುನಿಸಿಕೊಂಡರು. ನನಗೂ ಒಳಗೊಳಗೇ ಭಯ. ಆ ವಯಸ್ಸಿನವರನ್ನು ಕಾಯುತ್ತಾ ಕೂರುವುದು ಸುಮ್ನೆ ಮಾತಲ್ಲ. ಹೋಗಿ ಎದುರಿಗೇ ಕೂತು ಕೇಳಿಬಿಡಲಾ ಅಂತಲೂ ಅನ್ನಿಸಿತ್ತು, ಘಾಟಿ ರಸ್ತೆ ನೆನೆದು ಸುಮ್ಮನಾದೆ.

ಶ್ರಾವಣದಲ್ಲಿ ಕವರು ಬಂತು, ದಪ್ಪಗೆ. ನಾನು ಬಿಟ್ಟ ಜಾಗ ಸಾಲದೆ ಹಳೇ ಡೈರಿಯ ಹಾಳೆ ಹರಿದು ಸೇರಿಸಿದ್ದಾರೆ. ಅರ್ಧಕ್ಕರ್ಧ ಡಬ್ಬಿಗೆ ಸಂಬಂಧವೇ ಇಲ್ಲದ್ದು: ಅಡಿಕೆ ಕೊಳೆ ರೋಗ, ಯಾರೋ ಸೊಸೆ, ಹಲಸಿನ ಹಪ್ಪಳ. ಅದರ ನಡುವೆ ಇದು:

"ನಮ್ಮಮ್ಮನ ಮದುವೆಗೆ ಅವರಪ್ಪ ಮಾಡಿಸಿಕೊಟ್ಟಿದ್ದು. ಮೂವತ್ತು ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ್ದಂತೆ. ಬೋಳುತಲೆ ರಾಜನ ರೂಪಾಯಿ. ಕೇಳಿದ್ದು, ಅಮ್ಮನೇ ಹೇಳಿದ್ದು. ಮಾಘ ಮಾಸದಲ್ಲಿ ಮದುವೆ, ಚಳಿಗೆ ಬೆಳಗಿನ ಜಾವದ ಮುಹೂರ್ತ ಅಂತ ಅಮ್ಮ ನಗುತ್ತಿದ್ದರು. ಆಚಾರ್ರು ಬೇಲೂರಿನವರು."

ಎರಡು ಪುಟ ಆದ ಮೇಲೆ ಅದೇ ಆಚಾರ್ರು ಹೊಳೆನರಸೀಪುರದವರಾಗಿದ್ದರು. ಇರಲಿ.

ನಾನು ಆ ಹಾಳೆಯನ್ನು ಎಷ್ಟು ಸಲ ಓದಿದೆನೋ. ಮಾಘ ಅಂತ ನಾನು ಹೇಳಿರಲಿಲ್ಲ, ತಳದ ಫೋಟೋ ಕಳಿಸಿರಲಿಲ್ಲ. ಅತ್ತೆ ತಾನಾಗಿ ಬರೆದಿದ್ದಾರೆ. ಅದಕ್ಕಿಂತ ದೊಡ್ಡದು ಬೋಳುತಲೆ ರಾಜ. ನಮ್ಮಲ್ಲಿ 1862ರಿಂದ ಈಚೆಗೆ ಟಂಕಿಸಿದ ಬೆಳ್ಳಿ ರೂಪಾಯಿಗಳಲ್ಲಿ ವಿಕ್ಟೋರಿಯಾ ರಾಣಿಯದಕ್ಕೆ ಕಿರೀಟ ಇದೆ. ಐದನೇ ಜಾರ್ಜ್‌ಗೂ ಕಿರೀಟ ಇದೆ. ನಡುವೆ ಬಂದ ಏಳನೇ ಎಡ್ವರ್ಡ್‌ನದು ಮಾತ್ರ ಕಿರೀಟವಿಲ್ಲದ ಬೋಳು ತಲೆ. ಆ ರೂಪಾಯಿ ಟಂಕಿಸಿದ್ದು 1903ರಿಂದ 1910ರವರೆಗೆ. 1878ರಲ್ಲಿ ಅದನ್ನು ಕರಗಿಸಲು ಆಗುತ್ತಿರಲೇ ಇಲ್ಲ, ಆಗಿನ್ನೂ ಅವನ ತಾಯಿಯೇ ರಾಣಿ. ಹಾಗಾದರೆ ಈಶ್ವರ ಸಂವತ್ಸರ 1937ರದ್ದು, ಮಾಘ 1938ಕ್ಕೆ ಬಿತ್ತು. ಅತ್ತೆಯೇ ಅಜ್ಜಿಯ ಮೊದಲ ಮಗು. ಅವರ ವಯಸ್ಸಿಗೂ ಇದು ಕೂಡಿಬರುತ್ತದೆ.

ಆದರೂ ಇದು ಕೇಳಿದ ಮಾತು ತಾನೇ. ಮೂವತ್ತು ರೂಪಾಯಿ ಅಂದದ್ದನ್ನು ತೂಗಿ ನೋಡಬಹುದು ಅನ್ನಿಸಿತು. ಆ ಕಾಲದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಮೂವತ್ತಕ್ಕೆ ಸುಮಾರು 350 ಗ್ರಾಂ. ಹಾಸನದ ಒಂದು ಬೆಳ್ಳಿ ಅಂಗಡಿಯಲ್ಲಿ ತೂಗಿಸಿದೆ: 331 ಗ್ರಾಂ. 19 ಗ್ರಾಂ ಕಡಿಮೆ. ಮುಖ ಸಣ್ಣಗಾಯಿತು. ಮನೆಗೆ ಬಂದು ಕಾಗದ ಮತ್ತೆ ತೆಗೆದೆ. ಮೂರನೇ ಪ್ರಶ್ನೆಯ ಕೆಳಗೆ ಅತ್ತೆ ಬರೆದಿದ್ದರು: "ಒಳಗೆ ಮೂರು ಬಟ್ಟಲಿತ್ತು. ಸುಣ್ಣಕ್ಕೆ, ಏಲಕ್ಕಿ ಲವಂಗಕ್ಕೆ, ಹೊಗೆಸೊಪ್ಪಿಗೆ. ನಿನ್ನ ಫೋಟೋದಲ್ಲಿ ಎರಡೇ ಇದೆ. ಕಂಡದ್ದು." ಹೌದು, ಒಳಗಿನ ಅಡ್ಡಪಟ್ಟಿಯಲ್ಲಿ ಖಾಲಿ ಗುಂಡಿ ಒಂದಿದೆ. ನಾವು ಅದನ್ನು ವಿನ್ಯಾಸ ಅಂತಲೇ ತಿಳಿದಿದ್ದೆವು. ಉಳಿದ ಬಟ್ಟಲುಗಳು ಒಂದೊಂದೂ 8 ಗ್ರಾಂ. ಅದನ್ನು ಸೇರಿಸಿದರೆ 339. ಬಾಕಿ 11 ಗ್ರಾಂ ಕರಗಿಸುವಾಗ, ಅರ ಹಾಕುವಾಗ, ಇಷ್ಟು ವರ್ಷ ಉಜ್ಜುವಾಗ ಹೋಗಿರಬಹುದು. ಆಚಾರ್ರು ಸ್ವಲ್ಪ ಇಟ್ಟುಕೊಂಡಿದ್ದರೂ ಇರಬಹುದು, ಯಾರು ಕಂಡವರು! ತೂಕ ತಾಳೆಯಾದರೆ ಮಾತ್ರಕ್ಕೆ ಕಥೆ ಸಾಬೀತಾಗುವುದಿಲ್ಲ. ಆದರೆ 200 ಗ್ರಾಂ ಬಂದಿದ್ದರೆ ಕಥೆ ಅಲ್ಲಿಗೇ ಬೀಳುತ್ತಿತ್ತು.

ಅದೇ ಅಂಗಡಿಯಲ್ಲಿ ಕ್ಯಾರೆಟ್ ಮೀಟರ್ ಮಷೀನಿನಲ್ಲಿ ಟಚ್ಚನ್ನೂ, ಅಂದರೆ ನೂರಕ್ಕೆ ಎಷ್ಟು ಪಾಲು ಬೆಳ್ಳಿ ಅನ್ನುವುದನ್ನೂ ನೋಡಿಸಿದೆ. ಕೆರೆಯುವುದು, ಆಸಿಡ್ ಹಚ್ಚುವುದು ಯಾವುದೂ ಇಲ್ಲ. 200 ರೂಪಾಯಿ ತಗೊಂಡರು. ಹಳೇ ರೂಪಾಯಿಯಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ, ಅಂದರೆ 91.7. 1940ರಿಂದ ಸರ್ಕಾರ ಅದನ್ನು ಅರ್ಧಕ್ಕೆ ಇಳಿಸಿತು. ನಮ್ಮ ಡಬ್ಬಿಯ ಪಕ್ಕದಲ್ಲಿ 92ರ ಸುತ್ತಮುತ್ತ ತೋರಿಸಿತು. ಕೀಲಿನ ಹತ್ತಿರ ಇಟ್ಟರೆ ಎಂಬತ್ತಕ್ಕೆ ಹತ್ತಿರ. ಅಂಗಡಿ ಹುಡುಗ "ಮಿಕ್ಸ್ ಮಾಲು ಮೇಡಂ" ಅಂದ. ಅಲ್ಲ, ಅದು ಬೆಸುಗೆ. ಅತ್ತೆಯ ಕಾಗದದಲ್ಲಿ ಅದಕ್ಕೂ ಉತ್ತರ ಇತ್ತು: "ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ನಿಂತ ವರ್ಷ ಮುಚ್ಚಳ ಕಳಚಿ ಹೋಗಿ ಹಾಸನದಲ್ಲಿ ಕೀಲು ಹಾಕಿಸಿದ್ದು, ನಾನೇ ಜೊತೆಗೆ ಹೋಗಿದ್ದೆ. ಕಂಡದ್ದು." ಅಂದರೆ 1978. ಬೆಸುಗೆಗೆ ಬೇಗ ಕರಗಲಿ ಅಂತ ಬೆಳ್ಳಿಗೆ ಬೇರೆ ಲೋಹ ಬೆರೆಸುತ್ತಾರೆ, ಅಲ್ಲಿ ಟಚ್ ಕಡಿಮೆಯೇ ಬರುತ್ತದೆ. ಮಷೀನ್ ನೋಡುವುದು ಮೇಲ್ಪದರವನ್ನು ಮಾತ್ರ ಅನ್ನುವುದೂ ನೆನಪಿರಲಿ. ಆಚಾರ್ರು ಕಾಸಿ ಹುಳಿಯಲ್ಲಿ ಅದ್ದಿದಾಗ ಮೇಲಿನ ತಾಮ್ರ ಹೋಗಿ ಬೆಳ್ಳಿ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಒಂದೇ ಕಡೆ ಇಟ್ಟು ಬಂದ ಅಂಕಿ ನಂಬಬೇಡಿ, ಕೀಲಿನಿಂದ ದೂರ ನಾಲ್ಕಾರು ಕಡೆ ನೋಡಿಸಿ.

ನಾಲ್ಕನೇ ಪ್ರಶ್ನೆಗೆ ಬಂದ ಉತ್ತರ ಓದುವಾಗ ಮಾತ್ರ ಕಣ್ಣು ತುಂಬಿತು. "ಅಮ್ಮನಿಗೆ ಹಲ್ಲೆಲ್ಲ ಹೋದ ಮೇಲೆ ಎಲೆಅಡಿಕೆ ಕುಟ್ಟಿ ಹಾಕಿಕೊಳ್ಳುತ್ತಿದ್ದರು. ಕುಟ್ಟಾಣಿ ಇದ್ದ ಮೇಲೆ ಈ ಡಬ್ಬಿ ಯಾಕೆ ಅಂತ ನಿಮ್ಮಮ್ಮನಿಗೆ ಕೊಟ್ಟರು. ನಿಮ್ಮಮ್ಮ ಎಲೆ ಹಾಕುವವಳೇ ಅಲ್ಲ, ಅದರಲ್ಲಿ ಸೂಜಿ ದಾರ ಇಟ್ಟಳು. ಅಮ್ಮ ಏನೂ ಅನ್ನಲಿಲ್ಲ." ಆ ಸೂಜಿ ದಾರ ನನಗೂ ನೆನಪಿದೆ.

ಇಷ್ಟೆಲ್ಲ ಸೇರಿಸಿ ಒಂದೂವರೆ ಪುಟದ ದಾಖಲೆ ಮಾಡಿದೆ. ಮೊದಲು ಡಬ್ಬಿಯ ಅಳತೆ, ತೂಕ, ತಳದ ಬರಹ ಇದ್ದ ಹಾಗೇ. ಆಮೇಲೆ ಯಾರಿಂದ ಯಾರಿಗೆ ಬಂತು ಅನ್ನುವುದು: ಅಜ್ಜಿಯ ಅಪ್ಪ, ಅಜ್ಜಿ, ಅಮ್ಮ, ನಾನು. ಪ್ರತಿ ಸಾಲಿನ ಎದುರಿಗೆ ಅದನ್ನು ಹೇಳಿದ್ದು ಯಾರು, ಕಂಡದ್ದೋ ಕೇಳಿದ್ದೋ ಅಂತ. ಆಚಾರ್ರ ಊರಿನ ಜಾಗದಲ್ಲಿ "ಬೇಲೂರು ಅಥವಾ ಹೊಳೆನರಸೀಪುರ, ಎರಡೂ ಅದೇ ಕಾಗದದಲ್ಲಿ" ಅಂತ ಬರೆದೆ. ಒಂದನ್ನು ಆರಿಸಿಕೊಳ್ಳುವ ಹಕ್ಕು ನನಗಿಲ್ಲ. ದೊಡ್ಡಪ್ಪನ ಅರಮನೆ ಕಥೆಯನ್ನೂ ಬಿಡಲಿಲ್ಲ. "ಮನೆಯಲ್ಲಿ ಹೀಗೂ ಹೇಳುತ್ತಿದ್ದರು, ಆಧಾರ ಸಿಕ್ಕಿಲ್ಲ" ಅಂತ ಕೊನೆಗೆ ಸೇರಿಸಿದೆ. ಇನ್ನೊಂದು ಮಾತು ಬರೆಯಲೇಬೇಕಿತ್ತು. ತಳದ ಬರಹ ಹೇಳುವುದು ಕೊಟ್ಟ ದಿನವನ್ನು, ಮಾಡಿದ ದಿನವನ್ನಲ್ಲ. ಹಳೇ ಡಬ್ಬಿ ಕೊಂಡು ಮೇಲೆ ಹೊಸ ಹೆಸರು ಹಾಕಿಸುವುದು ಮೊದಲಿನಿಂದಲೂ ಇದೆ. ನಮ್ಮಲ್ಲಿ ರೂಪಾಯಿಯ ಮಾತು ಸಿಕ್ಕಿದ್ದರಿಂದ ಬಚಾವ್.

ಅತ್ತೆಯ ಕಾಗದದ ಜೆರಾಕ್ಸ್ ಮತ್ತು ಸ್ಕ್ಯಾನ್ ಮಾಡಿಸಿ, ಅಸಲನ್ನು ಅಂಚೆ ಮುದ್ರೆ ಇರುವ ಅದೇ ಕವರಿನಲ್ಲಿ ಇಟ್ಟಿದ್ದೇನೆ. ಲ್ಯಾಮಿನೇಷನ್ ಮಾಡಿಸಿಲ್ಲ, ಮಾಡಿಸಬೇಡಿ, ಆಮೇಲೆ ತೆಗೆಯಲು ಬರುವುದಿಲ್ಲ. ಕಾಗದವನ್ನು ರಬ್ಬರ್ ಬ್ಯಾಂಡ್ ಹಾಕಿ ಡಬ್ಬಿಯೊಳಗೆ ಇಡುವುದೂ ಬೇಡ. ರಬ್ಬರಿನಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪುಗಟ್ಟುತ್ತದೆ.

ತಮ್ಮನಿಗೆ ಎಲ್ಲ ಹೇಳಿದೆ. ನೂರು ತುಂಬಿಲ್ಲ ಅಂತ ನಾವು ಅಂದುಕೊಂಡರೆ ಸಾಲದು, ವಿಮಾನ ನಿಲ್ದಾಣದಲ್ಲಿ ಅತ್ತೆಯ ಕಾಗದ ಯಾರೂ ಓದುವುದಿಲ್ಲ. ಇದು ಪ್ರಾಚ್ಯವಸ್ತು ಅಲ್ಲ ಅನ್ನುವ ಸರ್ಟಿಫಿಕೇಟನ್ನು ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ತಗೊಳ್ಳಬೇಕು. ಅವರು ಡಬ್ಬಿಯನ್ನೇ ನೋಡಿ ತೀರ್ಮಾನ ಮಾಡುತ್ತಾರೆ. ನಮ್ಮ ದಾಖಲೆ, ಫೋಟೋ ಜೊತೆಗಿರುತ್ತದೆ ಅಷ್ಟೇ. ಅರ್ಜಿ ಹಾಕುವ ಕೆಲಸ ಅವನದು. ನಾನು ಈಗ ಅತ್ತೆಗೆ ಎರಡನೇ ಕಾಗದ ಹಾಕಿದ್ದೇನೆ, ಈ ಸಲ ತಳದ ಫೋಟೋ ಸಮೇತ. ಮೂರನೇ ಬಟ್ಟಲು ಕಾಣೆಯಾದದ್ದು ಕೀಲು ಹಾಕಿಸುವುದಕ್ಕೆ ಮೊದಲೋ ಆಮೇಲೋ ಅಂತ ಕೇಳಿದ್ದೇನೆ.